ನಿಧಿ ಸಿಕ್ಕಿತು, ಬಿಂದು ತಪ್ಪಿತು

ಪ್ರಶ್ನೆ: ಒಂಬತ್ತನೇ ತರಗತಿಗೆ ನಿರ್ದೇಶಾಂಕ ರೇಖಾಗಣಿತ ಶುರು ಮಾಡುವಾಗ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಳಿ ಎಳೆದು ನಿಧಿ ಹುಡುಕುವ ಆಟ ಆಡಿಸಿದೆ. ಮಕ್ಕಳು ಕುಣಿದಾಡಿದರು, ನಿಧಿಯೂ ಸಿಕ್ಕಿತು. ಮರುದಿನ ಗ್ರಾಫ್ ಹಾಳೆಯಲ್ಲಿ ಮಾತ್ರ ಅರ್ಧ ತರಗತಿ ಬಿಂದುಗಳನ್ನು ತಪ್ಪು ಜಾಗದಲ್ಲಿ ಗುರುತಿಸಿತು. ಎಲ್ಲಿ ಎಡವಿದೆ?
– ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ನಿಧಿಯಾಟದಲ್ಲಿ ಒಂದು ಚೀಟಿ ಸಿಕ್ಕ ಜಾಗದಿಂದಲೇ ಮಗು ಮುಂದಿನ ಚೀಟಿಗೆ ಓಡುತ್ತದೆ. ತೊಡಕಿರುವುದು ಅಲ್ಲೇ. ಮೊದಲ ಸುಳಿವು (3, -2) ಎಂದಿಟ್ಟುಕೊಳ್ಳಿ. ಅಲ್ಲಿ ಸಿಗುವ ಚೀಟಿಯಲ್ಲಿ (-1, 4) ಎಂದಿದೆ. ಮಗು ನಿಂತಲ್ಲಿಂದಲೇ ಒಂದು ಹೆಜ್ಜೆ ಎಡಕ್ಕೆ, ನಾಲ್ಕು ಹೆಜ್ಜೆ ಮುಂದಕ್ಕೆ ಹೋದರೆ ಮುಟ್ಟುವುದು (2, 2). ನಿರ್ದೇಶಾಂಕ ಹೇಳುವುದು ಬಿಂದುವಿನ ವಿಳಾಸವನ್ನು, ಮಗು ಓದಿಕೊಂಡಿದ್ದು ದಾರಿಯನ್ನು. ಗುಂಪಿನಲ್ಲಿ ಚುರುಕಾದ ಒಬ್ಬರು ಸರಿಯಾದ ಕಡೆ ಓಡಿದರೆ ಉಳಿದವರೂ ಹಿಂದೆ ಓಡುತ್ತಾರೆ, ನಿಧಿ ಸಿಗುತ್ತದೆ, ತಪ್ಪು ತಿಳಿವಳಿಕೆ ಹಾಗೇ ಉಳಿಯುತ್ತದೆ.

ಇದಕ್ಕೆ ನಾನು ಮಾಡುವುದು ಇಷ್ಟೇ. ಚೀಟಿ ಸಿಕ್ಕವರು ಅದನ್ನು ಮೂಲಬಿಂದುವಿನಲ್ಲಿ ನಿಂತ ಮುಂದಿನವರ ಕೈಗೆ ತಂದು ಕೊಡಬೇಕು. ಪ್ರತಿ ಸುಳಿವಿಗೂ ಹೊಸ ಮಗು, ಪ್ರತಿ ಸಲವೂ ಸೊನ್ನೆಯಿಂದ ಹೊರಡಬೇಕು.

ಚೌಕಳಿಯ ಮೇಲೆ ಇಪ್ಪತ್ತು ಪೇಪರ್ ಲೋಟಗಳನ್ನು ಬೋರಲು ಹಾಕಿ. ಕೆಲವನ್ನು ಬೇಕೆಂದೇ ತಪ್ಪು ಜಾಗಗಳಲ್ಲಿಡಿ. ಸರಿಯುತ್ತರ (-1, 4) ಆಗಿದ್ದರೆ (2, 2)ರಲ್ಲಿ ಒಂದು ಲೋಟ ಇರಲಿ. ಅದನ್ನು ಎತ್ತಿದವರು ಹಳೆಯ ಚೀಟಿಯ ಜಾಗದಿಂದ ಎಣಿಸಿದ್ದಾರೆ. (4, -1)ರಲ್ಲಿ ಇನ್ನೊಂದು, ಅದು x ಮತ್ತು y ಅದಲುಬದಲಾದವರಿಗೆ. (0, 3)ರಲ್ಲಿ ಮತ್ತೊಂದು, ಅದು ನಿಂತ ಗೆರೆಯನ್ನೇ ‘ಒಂದು’ ಎಂದು ಎಣಿಸಿದವರಿಗೆ. ಯಾವ ಲೋಟಕ್ಕೆ ಕೈ ಹೋಯಿತೋ ಆ ಮಗುವಿನ ತಲೆಯಲ್ಲಿರುವ ತಪ್ಪು ಅದೇ. ಪ್ರಶ್ನೆಪತ್ರಿಕೆಯಲ್ಲಿ ಇಷ್ಟು ಬೇಗ ತಿಳಿಯುವುದಿಲ್ಲ.

ಎರಡನೆಯ ಅನುಮಾನ ನಿಮ್ಮ ಚೌಕಳಿಯ ಮೇಲೆ. ಅಂಕಿಗಳನ್ನು ಗೆರೆಯ ತುದಿಯಲ್ಲಿ ಬರೆದಿರೋ, ಎರಡು ಗೆರೆಗಳ ನಡುವಿನ ಮನೆಯಲ್ಲೋ? ಟೈಲ್ಸ್ ನೆಲವಾದರಂತೂ ಮಕ್ಕಳು ಟೈಲ್ಸಿನ ನಟ್ಟನಡುವೆಯೇ ನಿಲ್ಲುತ್ತಾರೆ. ಚೌಕಾಬಾರದಲ್ಲಿ ಕಾಯಿ ಕೂರುವುದು ಮನೆಯೊಳಗೆ, ಹುಲಿ-ಕುರಿ ಆಟದಲ್ಲಿ ಗೆರೆಗಳು ಕೂಡುವ ಕಡೆ. ‘ಇದು ಹುಲಿ-ಕುರಿ ಆಟದ ಹಾಗೆ’ ಎಂದರೆ ಎರಡನ್ನೂ ಆಡಿದ ಮಕ್ಕಳಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಲೋಟಗಳೂ ಗೆರೆ ಕೂಡುವಲ್ಲೇ ಇರಲಿ.

ಅಳತೆಗೆ -5ರಿಂದ 5ರವರೆಗೆ, ಗೆರೆಗೂ ಗೆರೆಗೂ 40 ಸೆಂ.ಮೀ. ಸಾಕು. ಒಟ್ಟು ನಾಲ್ಕು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ ಆಗುತ್ತದೆ. ಬೆಂಚು ಸರಿಸಲು ಆಗದಿದ್ದರೆ ಅಂಗಳದಲ್ಲಿ ಎಳೆಯಿರಿ. ಅಕ್ಷಗಳು ಲಂಬವಾಗಿವೆಯೇ ಎಂದು ನೋಡಲು ಮೂಲಬಿಂದುವಿನಿಂದ ಒಂದು ಅಕ್ಷದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ. ಎರಡು ಗುರುತುಗಳ ನಡುವೆ ದಾರ ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಪಾಯ ಹಾಕುವ ಮೇಸ್ತ್ರಿಗಳು ಮೂಲೆ ನೋಡುವುದೂ ಹೀಗೆಯೇ.

ಇನ್ನು ಚಿಹ್ನೆಯ ಗೊಂದಲ. ನೋಡುವ ಮಕ್ಕಳನ್ನು ಚೌಕಳಿಯ ಸುತ್ತ ನಾಲ್ಕೂ ಕಡೆ ಕೂರಿಸಿದ್ದರೆ, ಎದುರು ಬದಿಯವರಿಗೆ ಇಡೀ ಚಿತ್ರ ತಲೆಕೆಳಗಾಗಿ ಕಂಡಿರುತ್ತದೆ, ಅವರ ಬಲಕ್ಕೆ ಬಿದ್ದಿರುವುದು ಋಣಸಂಖ್ಯೆಗಳು. ಎಲ್ಲರೂ ಋಣ y ಬದಿಯಲ್ಲಿ, ಕಪ್ಪುಹಲಗೆಗೆ ಮುಖ ಮಾಡಿ ಕೂರಲಿ. ಎಡ-ಬಲ ಎನ್ನುವ ಬದಲು ‘ಕಿಟಕಿ ಕಡೆ’, ‘ಬಾಗಿಲ ಕಡೆ’ ಎನ್ನಿ. ನಡೆಯುವ ಮಗು ತಿರುಗಿ ನಿಂತರೂ ಕಿಟಕಿ ಇದ್ದಲ್ಲೇ ಇರುತ್ತದೆ! ಆಮೇಲೆ ಗ್ರಾಫ್ ಹಾಳೆಯನ್ನು ಮೊದಲು ನೆಲದ ಚೌಕಳಿಯ ಪಕ್ಕದಲ್ಲೇ, ಅದೇ ದಿಕ್ಕಿಗೆ ಇಟ್ಟು ಎರಡು ಬಿಂದು ಗುರುತಿಸಲಿ. ಬೆಂಚಿಗೆ ಹೋಗುವುದು ಅದಾದ ಮೇಲೆ. ನೆಲದ ‘ಕಪ್ಪುಹಲಗೆ ಕಡೆ’ ಹಾಳೆಯಲ್ಲಿ ‘ಮೇಲಕ್ಕೆ’ ಆಗುವುದು ನಮಗೆ ಸಹಜವೆನಿಸಿದರೂ ಮಕ್ಕಳಿಗೆ ಅದೊಂದು ಹೊಸ ಒಪ್ಪಂದ.

ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಉಳಿಸಿಕೊಳ್ಳಿ. ಒದ್ದೆ ಬಟ್ಟೆಯಿಂದ ಎಲ್ಲ ಗೆರೆ ಅಳಿಸಿ, ಎರಡು ಅಕ್ಷಗಳನ್ನಷ್ಟೇ ಬಿಡಿ. ಕೈಗೆ ಟೇಪು ಕೊಟ್ಟು (-1.5, 2.5) ಎಲ್ಲಿದೆ ಎಂದು ಕೇಳಿ. ಚೌಕಳಿಯ ಮೇಲಿನ ಆಟದಲ್ಲಿ ಪೂರ್ಣಾಂಕಗಳಷ್ಟೇ ಬರುತ್ತವೆ, ಹೆಜ್ಜೆ ಎಣಿಸಿದರೆ ಮುಗಿಯಿತು. ಈಗ ಎಣಿಸಲು ಗೆರೆಯೇ ಇಲ್ಲ. y-ಅಕ್ಷದಿಂದ 60 ಸೆಂ.ಮೀ. ಕಿಟಕಿ ಕಡೆಗೆ, x-ಅಕ್ಷದಿಂದ 100 ಸೆಂ.ಮೀ. ಕಪ್ಪುಹಲಗೆ ಕಡೆಗೆ ಅಳೆಯಲೇಬೇಕು. x-ನಿರ್ದೇಶಾಂಕವನ್ನು ಅಳೆಯುವುದು y-ಅಕ್ಷದಿಂದ ಎಂಬುದು ಗೊತ್ತಾಗುವುದು ಟೇಪಿನ ತುದಿಯನ್ನು ಯಾವ ಅಕ್ಷದ ಮೇಲಿಡಬೇಕೆಂದು ಅವರು ಜಗಳ ಶುರುಮಾಡಿದಾಗ.