ಜನರಲ್ ಬಾಡಿ ಪ್ರಕಟಣೆ ಓದುವುದು ಹೇಗೆ?

ಪ್ರಶ್ನೆ: ಕಲಬುರಗಿಯ ನಮ್ಮ ಹೌಸಿಂಗ್ ಸೊಸೈಟಿ ಮೀಟಿಂಗ್‌ನಲ್ಲಿ ಜನರಲ್ ಬಾಡಿ ಪ್ರಕಟಣೆ ನಾನೇ ಓದಬೇಕು. ಏನೇನು ಹೇಳಲಿ?

ಉತ್ತರ: ಹೀಗೆ ಓದಿ, ಸಾಕು:

"ಸದಸ್ಯರ ಗಮನಕ್ಕೆ. ನಮ್ಮ ಸೊಸೈಟಿಯ ವಾರ್ಷಿಕ ಸರ್ವಸಾಧಾರಣ ಸಭೆ ಸೆಪ್ಟೆಂಬರ್ 6, ರವಿವಾರ, ಬೆಳಿಗ್ಗೆ 10 ಗಂಟೆಗೆ ಸೊಸೈಟಿ ಆವರಣದಲ್ಲಿ ನಡೆಯುತ್ತದೆ. ವಿಷಯಗಳು: ಹಿಂದಿನ ಸಭೆಯ ನಡಾವಳಿ ಓದಿ ದಾಖಲಿಸುವುದು. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕಪತ್ರ ಮತ್ತು ಆಡಿಟ್ ವರದಿ. ಮುಂದಿನ ವರ್ಷದ ಬಜೆಟ್. ಆಡಿಟರ್ ನೇಮಕ. ತಿಂಗಳ ಮೇಂಟೆನೆನ್ಸ್ 800ರಿಂದ 1,000 ರೂಪಾಯಿಗೆ ಏರಿಸುವುದು. ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯ."

ತಾರೀಖಿನ ಜೊತೆ ವಾರವನ್ನೂ ಹೇಳಿ, ಎರಡು ಸಲ ಓದಿ. ಹಿಂದೆ ಕೂತವರಿಗೆ 'ಆರು', 'ಏಳು' ಒಂದೇ ಥರ ಕೇಳಬಹುದು.

ಜಗಳ ಜಾಸ್ತಿ ಆಗೋದು ದುಡ್ಡಿನ ವಿಷಯಕ್ಕೆ ಅಲ್ವಾ? ಸುಮ್ನೆ 'ಮೇಂಟೆನೆನ್ಸ್ ಬಗ್ಗೆ ಚರ್ಚೆ' ಅಂತ ಓದಿ, ಆ ದಿನ 200 ರೂಪಾಯಿ ಏರಿಸಿದರೆ, ಬಾರದವರು "ಇದು ನಮಗೆ ತಿಳಿಸಿಯೇ ಇಲ್ಲ" ಎಂದು ತಕರಾರು ತೆಗೆಯುತ್ತಾರೆ. ಅವರ ಮಾತಲ್ಲಿ ನ್ಯಾಯವೂ ಇದೆ. ಹಾಗಾಗಿ ಹಳೇ ಮೊತ್ತ, ಹೊಸ ಮೊತ್ತ ಎರಡನ್ನೂ ಓದಿ. ಇಂಥದ್ದನ್ನು 'ಇತರ ವಿಷಯ'ದೊಳಗೆ ತೂರಿಸಬೇಡಿ. ಬೈಲಾ ತಿದ್ದುಪಡಿ ಇದ್ದರಂತೂ ಯಾವ ಕಲಮು, ಏನು ಬದಲಾವಣೆ ಅನ್ನೋದು ಬರಲೇಬೇಕು.

ಕೋರಂ ಆಗದಿದ್ದರೆ ಸಭೆ ಮತ್ತೆ ಯಾವಾಗ ಸೇರುತ್ತದೆ ಅನ್ನೋದನ್ನು ನಿಮ್ಮ ಬೈಲಾ ನೋಡಿ ಒಂದು ಸಾಲು ಸೇರಿಸಿ.

ಇನ್ನೊಂದು, ಓದಿದ ಮಾತ್ರಕ್ಕೆ ನೋಟಿಸ್ ಕೊಟ್ಟಂತಾಗುವುದಿಲ್ಲ. ಬೈಲಾದಲ್ಲಿ ಹೇಳಿದಷ್ಟು ದಿನ ಮುಂಚೆ ಲಿಖಿತ ನೋಟಿಸ್ ಎಲ್ಲ ಸದಸ್ಯರಿಗೂ ತಲುಪಬೇಕು. ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರು, ಹೈದರಾಬಾದ್ ಸೇರಿದವರಿಗೂ ಅಷ್ಟೇ.