ಕೊನೆಯ ತುಂಡನ್ನು ಬೇರೆ ಲೆಕ್ಕ ಹಾಕಿ

"ಬೇಸ್‌ಲೈನ್ 46 ಮೀಟರ್. 0, 10, 20, 30, 40, 46ರಲ್ಲಿ ಗಡಿವರೆಗಿನ ಆಫ್‌ಸೆಟ್ 6, 8, 11, 9, 7, 4 ಮೀಟರ್. ನನಗೆ ಜಾಗದ ವಿಸ್ತೀರ್ಣ 400 ಚದರ ಮೀಟರ್ ಬಂತು, ಜಾಸ್ತಿ ಅನಿಸ್ತಿದೆ. ಎಲ್ಲಿ ತಪ್ಪಿದೆ?"

ಕೊನೆಯ ಅಂತರವನ್ನೂ 10 ಅಂತಲೇ ಹಿಡಿದಿದ್ದೀರಿ, ಅದು 6 ಮಾತ್ರ. ಟ್ರೆಪಿಜಾಯ್ಡಲ್ ಸೂತ್ರಕ್ಕೆ ಅಂತರಗಳು ಸಮ ಇರಬೇಕು.

ಮೊದಲು 40 ಮೀಟರ್‌ವರೆಗೆ ಸೂತ್ರ ಹಾಕಿ. ಈಗ ತುದಿಯ ಅಳತೆ 4 ಅಲ್ಲ, 7. ತುದಿಯ ಎರಡರ ಮೊತ್ತದ ಅರ್ಧಕ್ಕೆ ನಡುವಿನವನ್ನು ಪೂರ್ತಿ ಕೂಡಿಸಿ, 10ರಿಂದ ಗುಣಿಸಿ. ಆಮೇಲೆ ಕೊನೆಯ 6 ಮೀಟರ್ ತುಂಡನ್ನು ಬೇರೆ ಲೆಕ್ಕ ಹಾಕಿ:

```
10 × ((6+7)/2 + 8+11+9) = 345
6 × (7+4)/2 = 33
```

ಒಟ್ಟು 378 ಚದರ ಮೀಟರ್.

ಇದೂ ಅಂದಾಜೇ. ಎರಡು ಆಫ್‌ಸೆಟ್ ನಡುವೆ ಗಡಿ ನೇರ ಅಂತ ಸೂತ್ರ ನಂಬುತ್ತದೆ. ನಿಮ್ಮ ಗಡಿ 20 ಮತ್ತು 30ರ ನಡುವೆ ಹೊರಗೆ ಉಬ್ಬಿದೆಯೋ ಏನೋ, ನನಗೆ ಕಾಣದು. 25ರಲ್ಲಿ ಟೇಪನ್ನು ಬೇಸ್‌ಲೈನಿಗೆ ಲಂಬವಾಗಿ ಹಿಡಿದು ಅಳೆಯಿರಿ. 10ರ ಆಸುಪಾಸು ಬಂದರೆ ಸರಿ. 12 ಬಂದರೆ ಒಟ್ಟು 388 ಆಗುತ್ತದೆ.