ಇಎಲ್‌ಎಸ್‌ಎಸ್: ಮೂರು ವರ್ಷದ ಬೀಗ ಯಾರ ಕೈ ಕಟ್ಟುತ್ತದೆ?

ಪ್ರಶ್ನೆ: 2022ರ ಜೂನ್‌ನಿಂದ ತೆರಿಗೆ ಉಳಿಸೋ ಒಂದು ಇಎಲ್‌ಎಸ್‌ಎಸ್ ಮ್ಯೂಚುವಲ್ ಫಂಡಿಗೆ ತಿಂಗಳಿಗೆ 5,000 ರೂಪಾಯಿ ಸಿಪ್ ಕಟ್ತಾ ಇದ್ದೆ. 2025ರ ಜೂನ್‌ಗೆ 3 ವರ್ಷ ತುಂಬಿತು ಅಂತ ತೆಗೆಯೋಕೆ ಹೋದ್ರೆ ಒಂದು ಕಂತಿನ 5,000 ರೂಪಾಯಿಗೆ ಬಂದ ಯೂನಿಟ್ ಮಾತ್ರ ತೋರಿಸ್ತಿತ್ತು. ಯಾಕೆ? ಈ ಲಾಕ್-ಇನ್‌ನಿಂದ ಫಂಡ್ ಮ್ಯಾನೇಜರ್‌ಗೆ ಅನುಕೂಲ ಅಂತಾರೆ, ನಿಜಾನಾ?

ಉತ್ತರ: ಬೀಗ ಇರುವುದು ನಿಮ್ಮ ಖಾತೆಗಲ್ಲ, ಒಂದೊಂದು ಕಂತಿಗೂ ಬೇರೆ ಬೇರೆ. ಯೂನಿಟ್ ಕೈಗೆ ಬಂದ ದಿನದಿಂದ ಆ ಕಂತಿಗೆ 3 ವರ್ಷ. 2022ರ ಜೂನ್ ಕಂತು 2025ರ ಜೂನ್‌ನಲ್ಲಿ ಬಿಡುಗಡೆಯಾಯಿತು. 2025ರ ಮೇ ತಿಂಗಳಲ್ಲಿ ಕಟ್ಟಿದ್ದು 2028ರ ಮೇವರೆಗೆ ಅಲ್ಲೇ ಇರುತ್ತದೆ. ಮೇವರೆಗೆ ನೀವು ಕಟ್ಟಿದ್ದು ಒಟ್ಟು 36 ಕಂತು, 1.8 ಲಕ್ಷ. ಅದರಲ್ಲಿ ಬಾಗಿಲು ತೆರೆದದ್ದು ಒಂದಕ್ಕೆ ಮಾತ್ರ. ಸಿಪ್ ನಿಲ್ಲಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ, ಬೇಕಾದರೆ ಇವತ್ತೇ ನಿಲ್ಲಿಸಬಹುದು.

ಹೊಸ ತೆರಿಗೆ ಪದ್ಧತಿಗೆ ಹೋಗಿದ್ದರೆ ನಿಲ್ಲಿಸುವುದೇ ಸರಿ. ಅಲ್ಲಿ ಇಎಲ್‌ಎಸ್‌ಎಸ್‌ಗೆ ಹಾಕಿದ ದುಡ್ಡಿಗೆ 80ಸಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಆದರೂ ಪ್ರತಿ ಕಂತಿಗೆ 3 ವರ್ಷದ ಬೀಗ ಬೀಳುತ್ತಲೇ ಇರುತ್ತದೆ. ತೆರಿಗೆ ಉಳಿಯದ ಮೇಲೆ ಸುಮ್ನೆ ದುಡ್ಡು ಕಟ್ಟಿಹಾಕುವುದು ಯಾಕೆ, ಅಲ್ವಾ?

ಹಾಗಂತ ಬೀಗದಿಂದ ಕೆಟ್ಟದ್ದೇ ಆಗುತ್ತದೆ ಎಂದೇನಲ್ಲ. 2020ರ ಜನವರಿ ಕೊನೆಯಲ್ಲಿ ಆಫೀಸಿನಲ್ಲಿ ತೆರಿಗೆ ಉಳಿತಾಯದ ಪ್ರೂಫ್ ಕೇಳಿದರು ಅಂತ ನಾನು ಒಂದೇ ಸಲ 50,000 ಹಾಕಿದ್ದೆ. ಆಗ ನಿಫ್ಟಿ ಸುಮಾರು 12,000. ಎರಡೇ ತಿಂಗಳಲ್ಲಿ, ಮಾರ್ಚ್ 23ಕ್ಕೆ, 7,600ರ ಹತ್ತಿರ ಬಂತು. ಹೆದರಿ ಮಾರೋಣ ಅಂತ ಹೋದರೆ ತೆಗೆಯಬಹುದಾದ ಯೂನಿಟ್ ಸೊನ್ನೆ! ಅದೇ ವಾರ, ಬೀಗ ಇಲ್ಲದ ನನ್ನ ಇನ್ನೊಂದು ಈಕ್ವಿಟಿ ಫಂಡನ್ನು ಮಾರಿಬಿಟ್ಟೆ. 2023ರ ಜನವರಿ ಕೊನೆಗೆ ಇಎಲ್‌ಎಸ್‌ಎಸ್ ಬೀಗ ತೆರೆದಾಗ ನಿಫ್ಟಿ 17,600ರ ಆಸುಪಾಸಿನಲ್ಲಿತ್ತು. ಮನುಷ್ಯ ಒಬ್ಬನೇ, ಭಯವೂ ಒಂದೇ. ಒಂದು ಫಂಡಿನಲ್ಲಿ ನಷ್ಟ ಮಾಡಿಕೊಂಡೆ, ಇನ್ನೊಂದರಲ್ಲಿ ಮಾಡಿಕೊಳ್ಳಲು ಬೀಗ ಬಿಡಲಿಲ್ಲ, ಅಷ್ಟೇ.

ಆದರೆ ಅದೇ ಬೀಗ ಇನ್ನೊಂದು ಅಭ್ಯಾಸ ಕಲಿಸುತ್ತದೆ. 3 ವರ್ಷ ಎಂದರೆ ಎಫ್‌ಡಿಯಂತೆ ಅವಧಿ ಮುಗಿಯಿತು ಅಂತ ಜನ ಓದಿಕೊಳ್ಳುತ್ತಾರೆ, ತೆರೆದ ದಿನವೇ ತೆಗೆಯುತ್ತಾರೆ. ಹಳೆ ಪದ್ಧತಿಯಲ್ಲಿರುವವರು ಕೆಲವರು ತೆಗೆದದ್ದನ್ನೇ ಮತ್ತೆ ಹಾಕಿ 80ಸಿ ತೋರಿಸುತ್ತಾರೆ. ಉದಾಹರಣೆಗೆ, 3 ವರ್ಷದ ಹಿಂದೆ ಒಟ್ಟಿಗೆ ಹಾಕಿದ 1.5 ಲಕ್ಷ ಈಗ 2.4 ಲಕ್ಷ ಆಗಿದೆ ಎನ್ನಿ. ಅದರಲ್ಲಿ 1.5 ಲಕ್ಷ ತೆಗೆದರೆ ಲಾಭದ ಪಾಲು 56,250. ಈಕ್ವಿಟಿಯ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ. ಹಾಗಾಗಿ, ಬೇರೆ ಕಡೆ ಲಾಭ ತೆಗೆದಿಲ್ಲವಾದರೆ, ಏನೂ ಕಟ್ಟಬೇಕಿಲ್ಲ. ಆ 1.5 ಲಕ್ಷವನ್ನೇ ತಿರುಗಿ ಹಾಕಿದರೆ ಹೊಸ ಉಳಿತಾಯ ಒಂದು ರೂಪಾಯಿ ಇಲ್ಲದೆ ವಿನಾಯಿತಿ ಸಿಕ್ಕಿತು. ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ಆ ದುಡ್ಡಿಗೆ ಮತ್ತೆ 3 ವರ್ಷ ಬೀಗ.

ಇನ್ನು ಮ್ಯಾನೇಜರ್ ವಿಷಯ. 'ದುಡ್ಡು ಓಡಿಹೋಗಲ್ಲ, ಹಾಗಾಗಿ ಅವರು ಧೈರ್ಯವಾಗಿ ದೀರ್ಘಾವಧಿಗೆ ಷೇರು ಹಿಡಿಯಬಹುದು' ಎನ್ನುವುದು ಮಾರಾಟದ ಮಾತು. ಅರ್ಧ ನಿಜ. ಯಾವುದೇ ದಿನ ಬೀಗದೊಳಗಿರುವುದು ಕಳೆದ 3 ವರ್ಷದಲ್ಲಿ ಬಂದ ದುಡ್ಡು ಮಾತ್ರ. 10,000 ಕೋಟಿಯ ಫಂಡಿನಲ್ಲಿ ಹಾಗೆ ಬಂದದ್ದರ ಇವತ್ತಿನ ಬೆಲೆ 3,000 ಕೋಟಿ ಇದ್ದರೆ, ಉಳಿದ 7,000 ಕೋಟಿ ನಾಳೆಯೇ ಹೋಗಬಹುದು, ಹೊರಹೋಗುವವರು ಕಟ್ಟುವ ಎಕ್ಸಿಟ್ ಲೋಡ್ ಶುಲ್ಕ ಕೂಡ ಇಲ್ಲದೆ. ಅದು ಅಲ್ಲೇ ಕೂತಿದ್ದರೆ ಅದಕ್ಕೆ ಬೀಗಕ್ಕಿಂತ ನಮ್ಮ ಮರೆವು, ಸೋಮಾರಿತನವೇ ಜಾಸ್ತಿ ಕಾರಣ.

ಅನುಕೂಲ ಪೂರ್ತಿ ಸುಳ್ಳೂ ಅಲ್ಲ. ಯಾವ ಕಂತು ಯಾವತ್ತು ಬಿಡುಗಡೆ ಎಂದು ಫಂಡಿಗೆ ಮೊದಲೇ ಗೊತ್ತು. ಕುಸಿತದ ದಿನ ಹೊಸಬರು ಹೊರಗೆ ಹೋಗಲಾರರು. ಹಾಗಾಗಿ ತೆಗೆಯುವವರಿಗೆ ಕೊಡಲೆಂದು ಜಾಸ್ತಿ ನಗದು ಇಟ್ಟುಕೊಳ್ಳಬೇಕಿಲ್ಲ. ತೊಂದರೆ ಬರುವುದು ಇನ್ನೊಂದು ಕಡೆಯಿಂದ. ಜನ ತೆರಿಗೆ ಉಳಿಸಲು ಜನವರಿ–ಮಾರ್ಚ್‌ನಲ್ಲೇ ಮುಗಿಬೀಳುತ್ತಾರೆ. ಕನಿಷ್ಠ 80% ಈಕ್ವಿಟಿಯಲ್ಲೇ ಇರಬೇಕು ಎಂಬ ನಿಯಮವಿದೆ. ಮಾರುಕಟ್ಟೆ ದುಬಾರಿ ಅನಿಸಿದರೂ ಬಂದ ದುಡ್ಡಿನ ಬಹುಪಾಲಿಗೆ ಷೇರು ಕೊಳ್ಳಲೇಬೇಕು.

ಈಗ ಹೊಸ ಪದ್ಧತಿಗೆ ಹೋದವರು ಇಎಲ್‌ಎಸ್‌ಎಸ್‌ಗೆ ದುಡ್ಡು ಹಾಕುವುದು ನಿಲ್ಲಿಸಿದಷ್ಟೂ ಬೀಗದೊಳಗಿನ ಪಾಲು ಕರಗುತ್ತದೆ. ಒಂದು ಫಂಡಿಗೆ ಹೊಸ ದುಡ್ಡು ಬರುವುದೇ ನಿಂತರೆ ಸರಿಯಾಗಿ 3 ವರ್ಷಕ್ಕೆ ಅದರಲ್ಲಿ ಬೀಗ ಇರುವ ಯೂನಿಟ್ ಒಂದೂ ಉಳಿಯುವುದಿಲ್ಲ. ನಿಮ್ಮ ಫಂಡ್‌ನ ಮೊದಲ ಹತ್ತು ಷೇರುಗಳನ್ನು ಅದೇ ಫಂಡ್ ಕಂಪನಿಯ, ಬೀಗವಿಲ್ಲದ, ದೊಡ್ಡ ಸಣ್ಣ ಎಲ್ಲ ಗಾತ್ರದ ಷೇರು ಕೊಳ್ಳುವ ಫ್ಲೆಕ್ಸಿ ಕ್ಯಾಪ್ ಫಂಡ್‌ನ ಹತ್ತರ ಪಕ್ಕ ಇಟ್ಟು ನೋಡಿ. ಏಳೆಂಟು ಒಂದೇ ಆಗಿದ್ದರೆ, ಬೀಗದ ಅನುಕೂಲವನ್ನು ನಿಮ್ಮ ಮ್ಯಾನೇಜರ್ ಬಳಸಿಕೊಂಡೇ ಇಲ್ಲ ಅಂತ ಅರ್ಥ. ಹಾಗಿದ್ದರೆ ಮುಂದಿನ ಕಂತನ್ನು ಫ್ಲೆಕ್ಸಿ ಕ್ಯಾಪ್‌ಗೇ ಹಾಕಿ, ಹಳೆಯದು ತಿಂಗಳು ತಿಂಗಳು ತಾನಾಗಿ ತೆರೆಯುತ್ತಾ ಹೋಗಲಿ.